ಚೆಕ್ಕರ್ ಡೊಂಬಯ್ಯನ ಇಂಗ್ಲಿಷು

ಮೂಡಬಿದ್ರೆಯ ಬೀಡಿ ಬ್ರಾಂಚಿಗೆ ಬರುತ್ತಿದ್ದ ಹೆಂಗಸರಲ್ಲಿ ಡೊಂಬಯ್ಯನಿಗೆ ಬೈಯದವರು ಯಾರೂ ಇರಲಿಲ್ಲ. ಬೈಯುವುದಕ್ಕೆ ಕಾರಣವೂ ಇತ್ತು. ಅವನು ಅಲ್ಲಿ ಚೆಕ್ಕರ್. ಹೆಂಗಸರು ಮನೆಯಲ್ಲಿ ಸೊಂಟ ಬೀಳುವ ತನಕ ಕೂತು ಸುತ್ತಿ, ಕಟ್ಟು ಕಟ್ಟಿ ತಂದ ಬೀಡಿಯನ್ನು ಬಿಚ್ಚಿ ನೋಡಿ, ಇದು ಸರಿ, ಇದು ಸರಿಯಿಲ್ಲ ಎಂದು ತೀರ್ಪು ಕೊಡುವವನು. ಸರಿಯಿಲ್ಲ ಎಂದದ್ದು ಮೂಲೆಯಲ್ಲಿದ್ದ ಗೋಣಿಗೆ ಬೀಳುತ್ತಿತ್ತು. ಅದಕ್ಕೆ ಮಜೂರಿ ಇಲ್ಲ. ಹಾಗೆಂದು ಆ ಬೀಡಿಯನ್ನು ಸುತ್ತಿದವಳಿಗೆ ಹಿಂದೆ ಕೊಡುವುದೂ ಇಲ್ಲ. ಗೋಣಿ ಸಂಜೆ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರೆ ಬ್ರಾಂಚು ನಡೆಸುವ ಕಂಟ್ರಾಕ್ಟರ್ ಸುಬ್ಬಪ್ಪ ಆಕಾಶ ನೋಡುತ್ತಿದ್ದ. ಅದನ್ನೂ ಯಾರೋ ಸೇದುತ್ತಿದ್ದರು, ಇನ್ನೇನು.

ಹಾಳಾದ ಬೀಡಿಯನ್ನು ತೆಗೆದರೆ ಯೂನಿಯನಿನ ನಾವೂ ಮಾತಾಡುತ್ತಿರಲಿಲ್ಲ. ಎಲೆ ಹರಿದದ್ದು, ತಲೆ ಮಡಿಸಿದ್ದು ಬಿಚ್ಚಿಕೊಂಡದ್ದು, ಹೊಗೆಸೊಪ್ಪು ಸಡಿಲವಾಗಿ ತುಂಬಿದ್ದು, ಇವು ಇರುತ್ತವೆ. ಆದರೆ ಬ್ರಾಂಚಿನ ಪದ್ಧತಿಯೇ ಬೇರೆ. ಯಾರು ಎಷ್ಟು ಚೆನ್ನಾಗಿ ಸುತ್ತಿ ತಂದರೂ ಒಂದು ಮುಷ್ಟಿ ತೆಗೆಯಲೇಬೇಕು. ನೋಡಿ ತೆಗೆಯುವುದಲ್ಲ, ತೆಗೆದ ಮೇಲೆ ನೋಡುವುದು. ಮುಷ್ಟಿ ತೆಗೆಯದ ಚೆಕ್ಕರ್ ಹೆಂಗಸರ ಕಡೆಗೆ ಸೇರಿದವನು ಎಂದು ಲೆಕ್ಕ. ಡೊಂಬಯ್ಯ ಹೈಸ್ಕೂಲು ಮುಗಿಸಿ ಹೊರಗೆ ಬಿದ್ದ ವರ್ಷವೇ ಈ ಕೆಲಸಕ್ಕೆ ಸೇರಿದವನು. ಅವನ ಕೈ ಆ ಮುಷ್ಟಿಯ ಅಳತೆಗೇ ಬೆಳೆದಿತ್ತು.

ನಮ್ಮ ಯೂನಿಯನಿನ ಆಗಿನ ಬೇಡಿಕೆ ದೊಡ್ಡದೇನಲ್ಲ. ಬೀಡಿ ತೆಗೆಯುವುದಾದರೆ ಕಾರಣ ಹೇಳಿ ತೆಗೆ. ಅಷ್ಟೇ. ಅದನ್ನು ಕೇಳಿದ್ದಕ್ಕೆ ನಮ್ಮಲ್ಲಿ ಕೆಲವರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಬಂದೆವು. ಅಲ್ಲಿಯೂ ಕಾರಣ ಹೇಳಲಿಲ್ಲ.

ಡೊಂಬಯ್ಯನಿಗೆ ನಮ್ಮ ಬೇಡಿಕೆ ಗೊತ್ತಿತ್ತು. ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಸರಕಾರಿ ಗುಮಾಸ್ತರ ಪರೀಕ್ಷೆ. ಹಿಂದೆ ಒಮ್ಮೆ ಕೂತು ಇಂಗ್ಲಿಷಿನಲ್ಲಿ ಬಿದ್ದಿದ್ದ. ಈ ಸಲ ಬಿದ್ದರೆ ವಯಸ್ಸು ಮೀರುತ್ತದೆ, ಮತ್ತೆ ಕೂರುವ ಹಾಗಿಲ್ಲ. ಆಮೇಲೆ ಸಾಯುವ ತನಕ ಸುಬ್ಬಪ್ಪನ ಗೋಣಿ ತುಂಬಿಸುವುದೇ. ಈ ಹೆದರಿಕೆ ಅವನನ್ನು ಒಂದು ಕಡೆ ನಿಲ್ಲಲು ಬಿಡುತ್ತಿರಲಿಲ್ಲ. ಪುತ್ತಿಗೆಯ ಮನೆಯಿಂದ ಬ್ರಾಂಚಿಗೆ ನಡೆದು ಬರುವಾಗ ಬಾಯಲ್ಲಿ ಏನೋ ಮಣಮಣ. ಬ್ರಾಂಚಿನ ಬಾಗಿಲಿಗೆ ಬಂದವನು ಮತ್ತೆ ತಿರುಗಿ ರಸ್ತೆಗೆ ಹೋಗುವುದು, ಅಂಗಡಿ ಬೋರ್ಡು ಓದುವುದು, ಓದಿ ಉಗುಳುವುದು. ಹುಚ್ಚು ಎಂದೇ ಜನ ಹೇಳುತ್ತಿದ್ದರು.

ಆದಿತ್ಯವಾರ ಬಂತೆಂದರೆ ಬಂಟ್ವಾಳದ ಬಸ್ಸು. ಬಂಟ್ವಾಳ ಪೇಟೆಯಲ್ಲಿ ಒಂದು ಅಕ್ಕಿ ಗೋದಾಮಿನ ಮಾಳಿಗೆಯಲ್ಲಿ ಅಬ್ದುಲ್ ರವೂಫ್ ಮಾಸ್ಟ್ರು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಹೈಸ್ಕೂಲಿನಿಂದ ನಿವೃತ್ತರಾದವರು. ಬ್ಯಾರಿ ಮನೆತನ, ಬಿಳಿ ಮುಂಡು, ಬಾಯಿ ತುಂಬ ಎಲೆ ಅಡಿಕೆ. ಕೆಳಗೆ ಅಕ್ಕಿ ಮೂಟೆ ಹೊರುವವರ ಬೊಬ್ಬೆ, ಮೇಲೆ ಮಾಸ್ಟ್ರ ಬೊಬ್ಬೆ.

ಪರೀಕ್ಷೆಯ ಪೇಪರಿನಲ್ಲಿ ಆ ಸಲ ಬರುವುದು ಎಂದು ಮಾಸ್ಟ್ರು ಹೇಳಿದ್ದ ಪ್ರಶ್ನೆ ಹೀಗಿತ್ತು. ಒಂದು ಇಂಗ್ಲಿಷ್ ವಾಕ್ಯ, ಗೆರೆ ಎಳೆದು ಮೂರು ತುಂಡು ಮಾಡಿರುತ್ತಾರೆ: ಎ, ಬಿ, ಸಿ. ಯಾವ ತುಂಡಿನಲ್ಲಿ ತಪ್ಪಿದೆ ಎಂದು ಗುರುತು ಹಾಕಬೇಕು. ಎಲ್ಲಿಯೂ ತಪ್ಪಿಲ್ಲವಾದರೆ ಡಿ. ಕೆಳಗೆ ಒಂದು ಸಾಲು ಖಾಲಿ. ಅಲ್ಲಿ ತಿದ್ದಿ ಬರೆದು ಕಾರಣ ಕೊಡಬೇಕು. ಸರಿಯಿದ್ದ ವಾಕ್ಯವನ್ನು ತಪ್ಪೆಂದರೆ, ಬೇರೆ ಕಡೆ ಸಂಪಾದಿಸಿದ ಅಂಕವೂ ಕತ್ತರಿಗೆ ಹೋಗುತ್ತದೆ.

ಮಾಸ್ಟ್ರು ಕರಿಹಲಗೆಯ ಮೇಲೆ ಬರೆದರು:

One of the workers / have come / without his knife.

“ಡೊಂಬಯ್ಯ, ಏಳು. ಕಳ್ಳ ಯಾವ ಕೋಣೆಯಲ್ಲಿದ್ದಾನೆ?”

“ಬಿ, ಮಾಸ್ಟ್ರೇ. have ಅಲ್ಲ, has.”

“ಯಾಕೆ?”

“ಕೇಳುವಾಗ ಸರಿ ಆಗುವುದಿಲ್ಲ.”

“ನಿನ್ನ ಕಿವಿಗೆ ಸರಕಾರ ಸಂಬಳ ಕೊಡುವುದಿಲ್ಲ ಮಾರಾಯ. ಬಂದವರು ಎಷ್ಟು ಜನ?”

“ವರ್ಕರ್ಸ್... ತುಂಬ ಜನ.”

“ತುಂಬ ಜನ ಮನೆಯಲ್ಲಿ ಮಲಗಿದ್ದಾರೆ. ಬಂದವನು ಒಬ್ಬ. One. ಕ್ರಿಯಾಪದ ಹಿಡಿ, ಯಾರು ಎಂದು ಕೇಳು. ಯಾರು ಬಂದದ್ದು? One. of ಆದ ಮೇಲೆ ನಿಂತ ಗುಂಪು ಮದುವೆ ದಿಬ್ಬಣದ ಹಾಗೆ, ಜನ ಎಷ್ಟಿದ್ದರೂ ಮದುಮಗ ಒಬ್ಬನೇ. ಅವನ ಪ್ರಕಾರವೇ ಕ್ರಿಯಾಪದ. ಇದನ್ನು ಬರೆದರೆ ಅಂಕ. ಕಿವಿ ಗಿವಿ ಬರೆದರೆ ಸೊನ್ನೆ.”

ಇನ್ನೊಂದು ಬರೆದರು:

He has gone / to Mangalore / yesterday.

ಡೊಂಬಯ್ಯ ಸಿ ಎಂದ. yesterday ಹೊಡೆದು ಹಾಕಿದರೆ ಮುಗಿಯಿತಲ್ಲ ಎಂದ.

“ಅವನು ನಿನ್ನೆ ಹೋದದ್ದು ನಿಜ. ನಿಜ ಹೇಳಿದ ಸಾಕ್ಷಿಯನ್ನು ಜೈಲಿಗೆ ಹಾಕ್ತೀಯಾ?” ಎಂದು ಮಾಸ್ಟ್ರು ಎಲೆ ಉಗುಳಿ ಬಂದರು. “ಸಾಕ್ಷಿ ಇರುವುದು ಸಿಯಲ್ಲಿ, ಕಳ್ಳ ಇರುವುದು ಎಯಲ್ಲಿ. ನಿನ್ನೆ ಎಂದು ಮುಗಿದ ಹೊತ್ತನ್ನು ಹೇಳಿದ ಮೇಲೆ has gone ನಿಲ್ಲುವುದಿಲ್ಲ, went ಆಗಬೇಕು. ಪೂರ್ತಿ ಓದದೆ ಮೊದಲ ತುಂಡನ್ನು ಸರಿ ಎಂದು ಬಿಡುವವನಿಗೆ ಇದು ಸಿಕ್ಕುವುದೇ ಇಲ್ಲ.”

ಡೊಂಬಯ್ಯ ದಡ್ಡನಲ್ಲ. ಇವೆಲ್ಲ ಅವನಿಗೆ ಬೇಗ ಹಿಡಿಯಿತು. The clerk discussed about the matter ಎಂದರೆ about ಹೆಚ್ಚಿನದು, ನಾವು ಕನ್ನಡದಲ್ಲಿ ವಿಷಯದ ಬಗ್ಗೆ ಚರ್ಚಿಸುವವರಾದ್ದರಿಂದ ಆ ‘ಬಗ್ಗೆ’ಯನ್ನು ಇಂಗ್ಲಿಷಿಗೂ ಹೊತ್ತುಕೊಂಡು ಹೋಗುತ್ತೇವೆ, discuss ಎಂಬುದು ವಿಷಯವನ್ನು ನೇರವಾಗಿ ಹಿಡಿಯುವ ಪದ ಎಂದು ಅವನೇ ಬೇರೆ ಹುಡುಗರಿಗೆ ಹೇಳಿಕೊಡುವಷ್ಟಾದ. ತಪ್ಪು ಹುಡುಕುವುದರಲ್ಲಿ ಆ ಮಾಳಿಗೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಬೀಡಿ ನೋಡಿದ ಕಣ್ಣಲ್ಲವೇ.

ಮಳೆಗಾಲ ಮುಗಿದ ಮೇಲೆ ಮಾಸ್ಟ್ರು ನಿಜವಾದ ಪರೀಕ್ಷೆಯ ಹಾಗೇ ಒಂದು ಪೇಪರು ಕೊಟ್ಟರು. ಡೊಂಬಯ್ಯ ಎಲ್ಲರಿಗಿಂತ ಮೊದಲು ಮುಗಿಸಿ, ಕಿಟಕಿಯ ಹತ್ತಿರ ಹೋಗಿ, ಹೊಳೆ ನೋಡಿ, ಬಂದು, ಮತ್ತೆ ಹೋದ. ಪೇಪರು ತಿದ್ದಿದ ಮಾಸ್ಟ್ರು ತಲೆಗೆ ಕೈ ಇಟ್ಟರು. ತಪ್ಪಿದ್ದ ವಾಕ್ಯಗಳನ್ನೆಲ್ಲ ಹಿಡಿದಿದ್ದಾನೆ. ಸರಿಯಿದ್ದ ವಾಕ್ಯಗಳನ್ನೂ ಹಿಡಿದಿದ್ದಾನೆ! ಡಿ ಎಂಬ ಅಕ್ಷರ ಅವನ ಪೇಪರಿನಲ್ಲಿ ಒಂದು ಕಡೆಯೂ ಇಲ್ಲ. ಕತ್ತರಿಸಿ ಕತ್ತರಿಸಿ ಉಳಿದದ್ದು ನಪಾಸು.

“ಇದು ಎಂತ ಮಾರಾಯ?” ಎಂದು ಮಾಸ್ಟ್ರು ಒಂದು ವಾಕ್ಯ ಓದಿದರು.

The old man / sat under the tree / and waited for the bus.

“ಇದರಲ್ಲಿ ಬಿ ತಪ್ಪು ಅಂತ ಬರೆದಿದ್ದೀ. under ಬದಲು below. ಯಾಕೆ?”

“ಏನಾದರೂ ಇರಲೇಬೇಕಲ್ಲ ಮಾಸ್ಟ್ರೇ.”

“ಯಾಕೆ ಇರಬೇಕು?”

“ಏನೂ ಇಲ್ಲದೆ ಪರೀಕ್ಷೆಗೆ ಯಾಕೆ ಕೊಡ್ತಾರೆ?”

ಹುಡುಗರು ನಕ್ಕರು. ಮಾಸ್ಟ್ರು ನಗಲಿಲ್ಲ.

“ಮುದುಕ ಮರದಡಿಯಲ್ಲಿ ಕೂತು ಬಸ್ಸು ಕಾಯುತ್ತಿದ್ದಾನೆ. ಅವನ ಪಾಡಿಗೆ ಬಿಡು ಮಾರಾಯ! ನೀನು ಎಂತ ಕೆಲಸ ಮಾಡುವುದು?”

“ಬೀಡಿ ಬ್ರಾಂಚಿನಲ್ಲಿ ಚೆಕ್ಕರ್.”

“ಅಲ್ಲಿ ಎಂತ ಮಾಡ್ತೀ?”

ಡೊಂಬಯ್ಯ ಮುಷ್ಟಿಯ ಕತೆ ಹೇಳಿದ. ಮರೆಮಾಚಲಿಲ್ಲ. ಬ್ರಾಂಚಿನ ಪದ್ಧತಿ ಹಾಗೆ, ಅದರಲ್ಲಿ ಮರೆಮಾಚುವುದೇನು ಎಂಬ ಹಾಗೆ ಹೇಳಿದ. ಮಾಸ್ಟ್ರು ಪೇಪರನ್ನು ಅವನ ಕಡೆಗೆ ತಿರುಗಿಸಿ ಇಟ್ಟರು. ಅವರ ಹೆಂಡತಿ ಬೀಬಿ ಕಳಿಸಿದ ಚಹಾ ಆರಿಹೋಗುತ್ತಿತ್ತು.

“ನೋಡು, ನೀನು ಇಲ್ಲಿಯೂ ಮುಷ್ಟಿಯೇ ತೆಗೆಯುವುದು. ಮೊದಲು ತೆಗೀತೀ, ಆಮೇಲೆ ಕಾರಣ ಹುಟ್ಟಿಸ್ತೀ. ಇವತ್ತಿನಿಂದ ಒಂದು ಕೆಲಸ ಮಾಡು. ತಪ್ಪು ಅಂತ ಹೇಳುವ ಮೊದಲು ಅದೇ ಜಾಗದಲ್ಲಿ ಸರಿ ಮಾಡಿ ಕೂರಿಸು. ಕೂರಿಸಿದ ಮೇಲೆ, ಮೊದಲಿದ್ದದ್ದು ಯಾಕೆ ನಿಲ್ಲುವುದಿಲ್ಲ ಅಂತ ಹೇಳು. ಹೇಳ್ಲಿಕ್ಕೆ ಆಗದಿದ್ದರೆ ಮುಟ್ಟಬೇಡ. ಸರಿಯಿದ್ದ ಪದ ತೆಗೆದು ಇನ್ನೊಂದು ಸರಿಯಿದ್ದ ಪದ ಹಾಕುವುದು ತಿದ್ದುವುದಲ್ಲ, ತಲೆಹರಟೆ. ರಿಪೇರಿ ಮಾಡು, ಇಲ್ಲ ಪಾಸು ಮಾಡು.”

ಸೋಮವಾರ ಬ್ರಾಂಚಿನಲ್ಲಿ ಸೇಸಮ್ಮನ ಸರದಿ ಬಂತು. ಸೇಸಮ್ಮ ಸುತ್ತಿದ ಬೀಡಿಯೆಂದರೆ ಅಚ್ಚಿನಲ್ಲಿ ತೆಗೆದ ಹಾಗೆ. ಅವಳ ನಾಲಗೆಯೂ ಹಾಗೇ, ಎಲ್ಲ ಒಂದೇ ಅಳತೆಗೆ ಹರಿತ. ಡೊಂಬಯ್ಯನ ಕೈ ಕಟ್ಟಿಗೆ ಹೋಗಿ ಮುಷ್ಟಿ ತುಂಬಿಕೊಂಡು ಗೋಣಿಯ ಕಡೆಗೆ ತಿರುಗಿತು.

“ಓ ಡೊಂಬಯ್ಯಣ್ಣ,” ಎಂದಳು ಸೇಸಮ್ಮ, “ಗೋಣಿಗೆ ಹಸಿವೆಯಾ? ಅದಕ್ಕೆ ಎಂತ ಆಗಿದೆ ಅಂತ ಹೇಳಿ ಹಾಕು. ನಾನೂ ಕಲೀತೇನೆ.”

ಇದು ಅವಳು ದಿನಾ ಹೇಳುತ್ತಿದ್ದ ಮಾತು. ಆ ದಿನ ಡೊಂಬಯ್ಯನ ಕೈ ಅರ್ಧದಲ್ಲಿ ನಿಂತಿತು. ಮುಷ್ಟಿ ಬಿಚ್ಚಿ ಮೊರದ ಮೇಲೆ ಹರವಿದ. ಒಂದನ್ನು ಎತ್ತಿದ, ಹಿಚುಕಿದ, ತಲೆ ನೋಡಿದ, ಕಟ್ಟಿಗೆ ಸೇರಿಸಿದ. ಮತ್ತೊಂದು. ಮತ್ತೊಂದು. ಒಂದರಲ್ಲಿ ಎಲೆ ಸೀಳಿತ್ತು. “ಇದು ಸೀಳಿದೆ ಅಕ್ಕ, ಸೇದಿದರೆ ಗಾಳಿ ಬರ್ತದೆ” ಎಂದು ಅದೊಂದನ್ನೇ ಗೋಣಿಗೆ ಹಾಕಿದ.

ಸೇಸಮ್ಮ ಆ ಬೀಡಿಯನ್ನು ಬಗ್ಗಿ ನೋಡಿದಳು. “ಹೌದು, ಸೀಳಿದೆ,” ಎಂದಳು. ಆಮೇಲೆ ಹಿಂದೆ ನಿಂತಿದ್ದವಳಿಗೆ, “ಇವನಿಗೆ ಜ್ವರವಾ ಎಂತದ್ದು?”

ಆ ವಾರ ಗೋಣಿ ಬಡಕಲಾಯಿತು. ಸುಬ್ಬಪ್ಪ ಕಾಲಿನಿಂದ ಒದ್ದು ನೋಡಿದ.

“ಗೋಣಿ ಯಾಕೆ ಹೀಗೆ?”

“ಹಾಳಾದದ್ದು ಅಷ್ಟೇ ಇದ್ದದ್ದು ಸುಬ್ಬಪ್ಪಣ್ಣ.”

“ಹಾಳಾದದ್ದು ಎಷ್ಟು ಅಂತ ನಾನು ಹೇಳುವುದು, ಬೀಡಿ ಹೇಳುವುದಲ್ಲ. ಯೂನಿಯನಿನವರು ಚಹಾ ಕುಡಿಸಿದ್ರಾ?”

“ಕಾರಣ ಇಲ್ಲದೆ ತೆಗೆದು ತೆಗೆದು ನನ್ನ ಇಂಗ್ಲಿಷು ಹಾಳಾಗ್ತಾ ಉಂಟು.”

ಇಂಥ ಉತ್ತರವನ್ನು ಸುಬ್ಬಪ್ಪ ಹುಟ್ಟಿದ ಮೇಲೆ ಕೇಳಿರಲಿಕ್ಕಿಲ್ಲ. ಗೋಣಿಯನ್ನು ಇನ್ನೊಮ್ಮೆ ಒದ್ದ. ಕೊನೆಗೆ, “ನಾಳೆಯಿಂದ ಮುಷ್ಟಿ ತೆಗೆ. ಇಲ್ಲದಿದ್ದರೆ ಇಂಗ್ಲಿಷು ಕಟ್ಟಿಕೊಂಡು ಮನೆಗೆ ಹೋಗು,” ಎಂದ.

ಪರೀಕ್ಷೆ ಇನ್ನೂ ದೂರವಿತ್ತು. ಕೆಲಸ ಬಿಟ್ಟರೆ ಬಂಟ್ವಾಳದ ಬಸ್ಸಿಗೆ ಕಾಸಿಲ್ಲ, ಮನೆಯಲ್ಲಿ ಹೆಂಡತಿ ದಮಯಂತಿಯ ಮುಖಕ್ಕೆ ಉತ್ತರವಿಲ್ಲ. ಡೊಂಬಯ್ಯ ನಡುವಿನ ದಾರಿ ಹಿಡಿದ. ಕೈ ಸುಬ್ಬಪ್ಪನಿಗೆ, ತಲೆ ಮಾಸ್ಟ್ರಿಗೆ. ವಾರವಿಡೀ ಮುಷ್ಟಿ ತೆಗೆದು ಗೋಣಿ ತುಂಬಿಸಿದ. ಕೈ ತೆಗೆಯುವಾಗ ಬಾಯಲ್ಲಿ ವ್ಯಾಕರಣ ಹೇಳಿಕೊಳ್ಳುತ್ತಿದ್ದ. ಆದಿತ್ಯವಾರ ಮಾಸ್ಟ್ರು ಕೊಟ್ಟ ಪೇಪರಿನಲ್ಲಿ ಮತ್ತೆ ಅದೇ. ಸರಿಯಿದ್ದ ವಾಕ್ಯಗಳಿಗೆಲ್ಲ ಗಾಯ. ಒಂದು ಕಡೆ The child was hungry ಎಂಬುದರಲ್ಲಿ was ಹೊಡೆದು became ಮಾಡಿದ್ದ. ಕಾರಣದ ಸಾಲಿನಲ್ಲಿ ಏನೋ ಬರೆದು ಅದನ್ನೂ ಹೊಡೆದಿದ್ದ.

ಕೈಯನ್ನೂ ತಲೆಯನ್ನೂ ಬೇರೆ ಬೇರೆ ಧಣಿಗಳ ಹತ್ತಿರ ದುಡಿಸಬಹುದು ಎಂದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಮ್ಮ ಮುಂದಾಳುಗಳಲ್ಲೂ ಇದ್ದರು. ತನ್ನಿಂದ ಅದು ಆಗದು ಎಂಬುದು ಆ ದಿನ ಪೇಪರು ನೋಡಿಯೇ ಡೊಂಬಯ್ಯನಿಗೆ ಗೊತ್ತಾಯಿತು. ಮರುದಿನ ಬ್ರಾಂಚಿಗೆ ಹೋದವನು ಮುಷ್ಟಿ ತೆಗೆಯಲಿಲ್ಲ. ಅದರ ಮರುದಿನವೂ ತೆಗೆಯಲಿಲ್ಲ. ಸುಬ್ಬಪ್ಪ ಹೆಂಗಸರೆಲ್ಲರ ಎದುರು ಅವನನ್ನು ಹೊರಗೆ ಹಾಕಿದ. ಆ ಕುರ್ಚಿಯಲ್ಲಿ ತನ್ನ ಅಕ್ಕನ ಮಗನನ್ನು ಕೂರಿಸಿದ.

ಸುದ್ದಿ ಕೇಳಿ ನಾವು ಪುತ್ತಿಗೆಗೆ ಓಡಿದೆವು. ನಮಗೆ ಹಬ್ಬ. ಚೆಕ್ಕರನೇ ನಮ್ಮ ಬೇಡಿಕೆ ಒಪ್ಪಿ ಕೆಲಸ ಕಳಕೊಂಡಿದ್ದಾನೆ, ಬ್ರಾಂಚಿನ ಎದುರು ಅವನನ್ನು ನಿಲ್ಲಿಸಿದರೆ ಊರೇ ಸೇರುತ್ತದೆ. ಡೊಂಬಯ್ಯ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ದಮಯಂತಿ ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದಳು.

“ನಾನು ಬರುವುದಿಲ್ಲ,” ಎಂದ.

“ಯಾಕೆ ಮಾರಾಯ? ನಿನ್ನದೇ ಅನ್ಯಾಯ ಅಲ್ವಾ?”

“ನನಗೆ ಪರೀಕ್ಷೆ ಉಂಟು.”

“ನಾಲ್ಕು ಮಾತು ಆಡಿ ಹೋಗು.”

“ನಿಮಗಾಗಿ ಬಿಟ್ಟದ್ದಲ್ಲ ನಾನು. ಹೆಂಗಸರಿಗಾಗಿಯೂ ಬಿಟ್ಟದ್ದಲ್ಲ. ಸುಳ್ಳು ಯಾಕೆ ಹೇಳಲಿ?”

ದಮಯಂತಿ ತಲೆ ಎತ್ತದೆ ಹೇಳಿದಳು: “ಅವರು ಯಾರಿಗಾಗಿಯೂ ಏನೂ ಮಾಡಿದವರಲ್ಲ. ನೀವು ಹೋಗಿ ಅಣ್ಣ.”

ಸಿಟ್ಟು ಬಂತು, ಬರದೆ ಏನು. ದಾರಿಯುದ್ದಕ್ಕೂ ಅವನ ಜನ್ಮ ಜಾಲಾಡಿದೆವು. ಆದರೂ ಮನುಷ್ಯ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಪರೀಕ್ಷೆಯ ತನಕ ಡೊಂಬಯ್ಯ ಹೆಂಡತಿಯ ಪಕ್ಕ ಕೂತು ಬೀಡಿ ಸುತ್ತಿದ. ಚೆನ್ನಾಗಿ ಸುತ್ತುತ್ತಿರಲಿಲ್ಲ. ಕಟ್ಟು ಹಿಡಿದು ಬ್ರಾಂಚಿಗೆ ಹೋದರೆ ಸುಬ್ಬಪ್ಪನ ಅಳಿಯ ಮುಷ್ಟಿಯಲ್ಲ, ಬೊಗಸೆ ತೆಗೆಯುತ್ತಿದ್ದ. “ಎಂತಕ್ಕೆ?” ಎಂದು ಡೊಂಬಯ್ಯ ಕೇಳಿದರೆ, “ನೀನು ಎಂತಕ್ಕೆ ತೆಗೀತಿದ್ದೆಯೋ ಅದಕ್ಕೆ” ಎನ್ನುತ್ತಿದ್ದ ಆ ಪೋರ. ಸಾಲಿನಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವರಿಗೇಕೆ ಕನಿಕರ ಬರಬೇಕು?

ಬಸ್ಸಿಗೆ ಕಾಸಿಲ್ಲದ ಆದಿತ್ಯವಾರಗಳಲ್ಲಿ ಅಕ್ಕಿ ಲಾರಿ ಹಿಡಿದು ಬಂಟ್ವಾಳಕ್ಕೆ ಹೋದ. ಮಾಸ್ಟ್ರು ಈಗ ಅವನಿಗೆ ಬೇರೆಯೇ ಪಾಠ ಕೊಡುತ್ತಿದ್ದರು. ತಪ್ಪಿಲ್ಲದ ವಾಕ್ಯಗಳನ್ನು ಮಾತ್ರ ಬರೆಯುವುದು. ಪ್ರತಿ ತುಂಡೂ ಯಾಕೆ ಸರಿ ಎಂದು ಡೊಂಬಯ್ಯ ವಾದಿಸುವುದು. ಕ್ರಿಯಾಪದ ಯಾರಿಗೆ ಸೇರಿದ್ದು, ಹೊತ್ತು ಯಾವುದು, ಆ ಚಿಕ್ಕ ಪದ ಅಲ್ಲಿ ಯಾಕೆ ಕೂತಿದೆ. ಹೇಳುವಾಗ ಅವನ ಕಾಲು ನೆಲ ಬಡಿಯುತ್ತಿತ್ತು. ತಪ್ಪು ಹುಡುಕುವಾಗ ಇಲ್ಲದ ಬೆವರು ಸರಿ ಎನ್ನುವಾಗ ಬರುತ್ತಿತ್ತು. “ಇದರಲ್ಲಿ ಏನೋ ಉಂಟು ಮಾಸ್ಟ್ರೇ, ನೀವು ಮೋಸ ಮಾಡ್ತೀರಿ” ಎಂದು ಒಮ್ಮೆ ಕೂಗಿಯೇಬಿಟ್ಟ.

“ಉಂಟಾದರೆ ತೋರಿಸು.”

ತೋರಿಸಲು ಆಗಲಿಲ್ಲ.

ಪರೀಕ್ಷೆ ಮಂಗಳೂರಿನಲ್ಲಿ. ಒಂದು ಶಾಲೆಯ ಉದ್ದನೆಯ ಹಾಲು, ಸಣ್ಣ ಮಕ್ಕಳ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಇಂಗ್ಲಿಷ್ ಪೇಪರು ಬಂತು. ತಪ್ಪಿದ್ದ ವಾಕ್ಯಗಳು ಡೊಂಬಯ್ಯನ ಕಣ್ಣಿಗೆ ತಾವಾಗಿಯೇ ಬಂದು ಬಿದ್ದವು. ತುಂಡು ಗುರುತಿಸಿದ, ತಿದ್ದಿದ, ಕಾರಣ ಬರೆದ. ಕೆಲವಕ್ಕೆ ಡಿ ಹಾಕಿದ. ಹಾಕುವ ಮೊದಲು ಪ್ರತಿ ಸಲವೂ ವಾಕ್ಯವನ್ನು ಇನ್ನೊಮ್ಮೆ ಓದಿದ. ಕೊನೆಗೆ ಉಳಿದದ್ದು ಒಂದು:

Neither of the two boats / has reached / the other bank.

ಎರಡು ದೋಣಿ. boats ಎಂದು ಬಹುವಚನ ಕಣ್ಣೆದುರಿಗೇ ಇದೆ. has ಇದೆ. ಕೈ ಸರಕ್ಕನೆ ಬಿ ಕಡೆಗೆ ಹೋಯಿತು. have ಎಂದು ಬರೆಯಲು ಪೆನ್ನು ಕಾಗದಕ್ಕೆ ತಾಗಿಸಿದವನು ಹಾಗೇ ನಿಂತ. ಅಕ್ಕಪಕ್ಕದವರು ಪೇಪರು ಕೊಟ್ಟು ಎದ್ದು ಹೋಗುತ್ತಿದ್ದರು. ಮೇಲ್ವಿಚಾರಕ ಬಂದು, “ಏನು, ಮುಗಿಯಿತೋ?” ಎಂದ. ಡೊಂಬಯ್ಯನಿಗೆ ಕೇಳಿಸಲಿಲ್ಲ. ಏನೂ ಇಲ್ಲದೆ ಬಿಟ್ಟರೆ ಮೋಸ ಹೋದಂತೆ. ಕೊನೆಯ ಪ್ರಶ್ನೆ ಸುಮ್ಮನೆ ಕೊಡುತ್ತಾರೆಯೇ? ಗಂಟೆ ಬಡಿಯಿತು. ಎ, ಬಿ, ಸಿ, ಡಿಗಳಲ್ಲಿ ಒಂದಕ್ಕೆ ಗುರುತು ಹಾಕಿ, ಪೇಪರು ಮೇಜಿನ ಮೇಲೆ ಎಸೆದ ಹಾಗೆ ಇಟ್ಟು ಹೊರಗೆ ಬಂದ. ಬಸ್ ಸ್ಟ್ಯಾಂಡಿನ ತನಕ ಓಡಿಯೇ ಬಂದನಂತೆ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ.

ಫಲಿತಾಂಶ ಬರಲು ತಿಂಗಳುಗಳು ಹಿಡಿದವು. ಆ ತಿಂಗಳುಗಳಲ್ಲಿ ಅವನ ಕಾಟ ತಡೆಯಲಾಗದೆ ದಮಯಂತಿ ಮುಂಡಾಜೆಯ ತವರಿಗೆ ಹೋಗಿ ಕೂತಳು. ಪೋಸ್ಟಿನವನು ದೂರದಲ್ಲಿ ಕಂಡರೆ ಇವನು ಮನೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಕೊನೆಗೊಂದು ದಿನ ಪೋಸ್ಟಿನವನೇ ಬಾವಿಕಟ್ಟೆಯ ತನಕ ಹುಡುಕಿ ಬಂದು ಕೈಗೆ ಕೊಟ್ಟ. ಪಾಸು. ಬೆಳ್ತಂಗಡಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಹಾಜರಾಗಬೇಕು.

ಬ್ರಾಂಚಿನಲ್ಲಿ ಸುದ್ದಿ ಮುಟ್ಟಿದಾಗ ಸೇಸಮ್ಮ, “ಹೋದನಾ? ಒಳ್ಳೆದಾಯ್ತು. ಇನ್ನು ಬೆಳ್ತಂಗಡಿಯವರು ಅನುಭವಿಸಲಿ,” ಎಂದಳು. ಸುಬ್ಬಪ್ಪನ ಅಳಿಯ ಅವಳ ಕಟ್ಟಿನಿಂದ ಬೊಗಸೆ ತೆಗೆಯುತ್ತಲೇ ಇದ್ದ. ನಮ್ಮ ಬೇಡಿಕೆ ಬೇಡಿಕೆಯಾಗಿಯೇ ಇತ್ತು. ಡೊಂಬಯ್ಯ ನಮಗೆ ಚಂದಾ ಕೊಟ್ಟವನಲ್ಲ, ಮೆರವಣಿಗೆಗೆ ಬಂದವನಲ್ಲ. ಅವನ ವಿಷಯ ಯಾಕೆ ಬರೀತೀ ಎಂದು ನಮ್ಮವರೇ ಕೇಳುತ್ತಾರೆ. ಸರಿ ಇದ್ದದ್ದನ್ನು ಸರಿ ಎನ್ನಲು ಒಬ್ಬ ಮನುಷ್ಯ ಇಷ್ಟು ಒದ್ದಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ, ಅದಕ್ಕೆ.

ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಅವನು ಮೊದಲು ಬಂಟ್ವಾಳದಲ್ಲಿ ಇಳಿದ. ಕೈಯಲ್ಲಿ ಟ್ರಂಕು. ಮಾಸ್ಟ್ರು ಮಾಳಿಗೆಯ ಮೆಟ್ಟಿಲಲ್ಲೇ ಸಿಕ್ಕಿದರು. ಅಭಿನಂದನೆ ಗಿಭಿನಂದನೆ ಏನಿಲ್ಲ.

“ಪರೀಕ್ಷೆಯಲ್ಲಿ ಕೊನೆಯ ವಾಕ್ಯ ಎಂತ ಕೊಟ್ಟಿದ್ರು?”

ಡೊಂಬಯ್ಯ ದೋಣಿಗಳ ವಾಕ್ಯ ಹೇಳಿದ.

“ನೀನು ಎಂತ ಹಾಕಿದೆ?”

“ಡಿ.”

“ಯಾಕೆ?”

“Neither ಅಂದರೆ ಇದೂ ಅಲ್ಲ, ಅದೂ ಅಲ್ಲ ಅಂತ ಒಂದೊಂದನ್ನೇ ಹಿಡಿದು ಹೇಳುವುದು. boats ಬರೀ ದಿಬ್ಬಣ. ಕ್ರಿಯಾಪದ Neitherಗೆ ಸೇರಿದ್ದು, ಹಾಗಾಗಿ ಏಕವಚನ, has ಸರಿ. ಎಯಲ್ಲಿ ತೆಗೆಯುವಂಥದ್ದು ಇಲ್ಲ. ಸಿಯಲ್ಲಿಯೂ ಇಲ್ಲ. ಮೂರು ಸಲ ನೋಡಿದೆ ಮಾಸ್ಟ್ರೇ, ಏನೂ ಸಿಕ್ಕಲಿಲ್ಲ.”

“ಏನೂ ಇರಲಿಲ್ಲ,” ಎಂದರು ಮಾಸ್ಟ್ರು. “ಹೋಗು, ಬಸ್ಸು ಹೊರಡ್ತದೆ.”